ಮಿಕ್ಸಿ ಗುಂಯ್‌ಗುಡುತ್ತದೆ, ಜಾರ್ ತಿರುಗುವುದಿಲ್ಲ: ದೋಷ ಎಲ್ಲಿದೆ?

ಪ್ರಶ್ನೆ: ನಮ್ಮದು 750 ವಾಟಿನ ಮಿಕ್ಸಿ, ಆರು ವರ್ಷ ಹಳತು. ಈಗೊಂದು ತಿಂಗಳಿನಿಂದ ದೊಡ್ಡ ಜಾರಿಗೆ ಮಸಾಲೆ ಹಾಕಿ ಸ್ವಿಚ್ ತಿರುಗಿಸಿದರೆ ಗುಂಯ್ ಎಂಬ ಶಬ್ದ ಮಾತ್ರ ಬರುತ್ತದೆ, ಬ್ಲೇಡ್ ತಿರುಗುವುದಿಲ್ಲ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂದು ತಾನಾಗಿ ನಿಲ್ಲುತ್ತದೆ. ಅಡಿಯ ಕೆಂಪು ಗುಂಡಿ ಒತ್ತಿದರೆ ಮತ್ತೆ ಅದೇ ಕಥೆ. ಚಟ್ನಿ ಜಾರ್ ಮಾತ್ರ ತಿರುಗುತ್ತದೆ. ಕಳೆದ ವರ್ಷ ಎರಡು ಸಲ ಕಪ್ಲರ್ ಬದಲಿಸಿದ್ದೇವೆ. ಈಗ ಒಬ್ಬರು ಕಾರ್ಬನ್ ಹೋಗಿದೆ ಎನ್ನುತ್ತಾರೆ, ಇನ್ನೊಬ್ಬರು ಮೋಟರೇ ಹೋಗಿದೆ, ಹೊಸತು ತೆಗೆದುಕೊಳ್ಳಿ ಎನ್ನುತ್ತಾರೆ. ಏನು ಮಾಡುವುದು?
– ಓದುಗರೊಬ್ಬರು, ಕಾಪು

ಉತ್ತರ: ಚಟ್ನಿ ಜಾರ್ ತಿರುಗುತ್ತದೆ ಎಂದು ನೀವು ಬರೆದಿರುವ ಒಂದು ಸಾಲಿನಲ್ಲೇ ಅರ್ಧ ಉತ್ತರವಿದೆ. ಮೋಟರ್ ಸುಟ್ಟಿದ್ದರೆ ಅಥವಾ ಕಾರ್ಬನ್ ಪೂರ್ತಿ ಸವೆದಿದ್ದರೆ ಯಾವ ಜಾರ್ ಇಟ್ಟರೂ ಮಿಕ್ಸಿ ಸರಿಯಾಗಿ ಓಡುತ್ತಿರಲಿಲ್ಲ. ಆದ್ದರಿಂದ ನನ್ನ ಮೊದಲ ಅನುಮಾನ ಮೋಟರಿನ ಮೇಲಲ್ಲ, ದೊಡ್ಡ ಜಾರಿನ ತಳದಲ್ಲಿ ಬ್ಲೇಡಿನ ಶಾಫ್ಟ್ ತಿರುಗುವ ಸಣ್ಣ ಕೊಳವೆಯಾದ ಬುಶ್‌ನ ಮೇಲೆ. ಒಂದೇ ವರ್ಷದಲ್ಲಿ ಮೋಟರನ್ನು ಜಾರಿಗೆ ಜೋಡಿಸುವ ಕಪ್ಲರ್ ಎರಡು ಸಲ ಹೋಗಿರುವುದೂ ಅದೇ ಕಡೆಗೆ ಬೊಟ್ಟು ಮಾಡುತ್ತದೆ. ಆದರೆ ಕೆಂಪು ಗುಂಡಿಯನ್ನು ಮತ್ತೆ ಮತ್ತೆ ಒತ್ತಿ ಪ್ರಯತ್ನಿಸುವುದನ್ನು ಇವತ್ತಿನಿಂದಲೇ ನಿಲ್ಲಿಸಬೇಕು. ಇಲ್ಲವಾದರೆ ಈವರೆಗೆ ಉಳಿದುಕೊಂಡಿರುವ ಮೋಟರ್ ನಿಜವಾಗಿಯೂ ಹೋಗುತ್ತದೆ. ಹೀಗೆ ಹೇಳುವುದಕ್ಕೆ ಕಾರಣಗಳನ್ನು ಒಂದೊಂದಾಗಿ ವಿವರಿಸುತ್ತೇನೆ. ಅವು ಗೊತ್ತಿದ್ದರೆ ಅಂಗಡಿಯಲ್ಲಿ ಯಾರು ಏನು ಹೇಳಿದರೂ ನೀವೇ ತೂಗಿ ನೋಡಬಹುದು.

ಮೊದಲು ಶಬ್ದದ ವಿಚಾರ. ಮಿಕ್ಸಿಯ ಮೋಟರಿನಲ್ಲಿ ಎರಡು ಸುರುಳಿಗಳಿರುತ್ತವೆ. ಹೊರಗೆ ಅಲುಗದೆ ನಿಂತಿರುವುದು ಫೀಲ್ಡ್ ಕಾಯಿಲ್, ಒಳಗೆ ಶಾಫ್ಟಿನ ಜೊತೆ ತಿರುಗುವುದು ಆರ್ಮೇಚರ್. ವಿದ್ಯುತ್ತು ಫೀಲ್ಡ್ ಕಾಯಿಲನ್ನು ಹಾದು, ಆರ್ಮೇಚರಿಗೆ ಉಜ್ಜಿಕೊಂಡಿರುವ ಒಂದು ಕಾರ್ಬನ್ ತುಂಡಿನ ಮೂಲಕ ಅದಕ್ಕೆ ಇಳಿದು, ಎದುರು ಬದಿಯ ಇನ್ನೊಂದು ಕಾರ್ಬನ್ ಮೂಲಕ ಹೊರಬರುತ್ತದೆ. ಎಲ್ಲವೂ ಒಂದರ ಹಿಂದೆ ಒಂದರಂತೆ ಒಂದೇ ದಾರಿಯಲ್ಲಿವೆ. ಆ ದಾರಿಯಲ್ಲಿ ಎಲ್ಲಿ ಕಡಿದುಹೋದರೂ ವಿದ್ಯುತ್ತು ಹರಿಯುವುದಿಲ್ಲ; ಹರಿಯದಿದ್ದರೆ ಶಬ್ದವೂ ಇಲ್ಲ. ನೀವು ಕೇಳುತ್ತಿರುವ ಗುಂಯ್ ಎಂಬುದು, ನಮ್ಮ ಮನೆಗಳಿಗೆ ಬರುವ 50 ಹರ್ಟ್ಸ್ ವಿದ್ಯುತ್ತಿನ ಕಾಂತಶಕ್ತಿ ಸೆಕೆಂಡಿಗೆ 100 ಬಾರಿ ಏರಿಳಿದು ಒಳಗಿನ ಕಬ್ಬಿಣದ ತಗಡುಗಳನ್ನು ನಡುಗಿಸುವ ಶಬ್ದ. ಗುಂಯ್ ಕೇಳಿಸುತ್ತಿದೆ ಎಂದರೆ ಫೀಲ್ಡ್ ಕಾಯಿಲ್, ಎರಡೂ ಕಾರ್ಬನ್, ಆರ್ಮೇಚರ್ ಎಲ್ಲದರ ಮೂಲಕವೂ ವಿದ್ಯುತ್ತು ಹರಿಯುತ್ತಿದೆ, ಆದರೆ ಶಾಫ್ಟನ್ನು ಯಾವುದೋ ಬಿಗಿಹಿಡಿದಿದೆ ಎಂದರ್ಥ. ಕಾರ್ಬನ್ ಸವೆದು, ಆರ್ಮೇಚರಿನ ತುದಿಯಲ್ಲಿರುವ ತಾಮ್ರದ ಪಟ್ಟಿಗಳ ಉಂಗುರವಾದ ಕಮ್ಯುಟೇಟರಿಗೆ ತಾಗದೇ ಹೋದ ಮಿಕ್ಸಿ ಗುಂಯ್‌ಗುಡುವುದಿಲ್ಲ, ಸುಮ್ಮನಿರುತ್ತದೆ. ಅರೆಬರೆ ತಾಗುತ್ತಿರುವಾಗ ಕ್ಷೀಣವಾದ ಶಬ್ದ, ಕಿಡಿ, ವೇಗದ ಏರಿಳಿತ ಕಾಣಬಹುದು. ಅದರ ಬಗ್ಗೆ ಮುಂದೆ ಹೇಳುತ್ತೇನೆ. ಜೋರಾದ, ಸ್ಥಿರವಾದ ಗುಂಯ್ ಶಬ್ದಕ್ಕೆ ಕಾರ್ಬನ್ ಕಾರಣ ಎಂದು ಯಾರಾದರೂ ನೋಡದೆಯೇ ಹೇಳಿದರೆ ಒಪ್ಪಬೇಡಿ.

ಕಪ್ಲರ್ ಹೋದಾಗಿನ ಶಬ್ದವೇ ಬೇರೆ. ಮೋಟರಿನ ಮೇಲಿರುವ ಕಪ್ಲರಿನ ಹಲ್ಲುಗಳು ಸವೆದಿದ್ದರೆ ಮೋಟರನ್ನು ಯಾರೂ ತಡೆಯುವುದಿಲ್ಲ. ಅದು ಖಾಲಿ ಓಡುವಾಗಿನ ಪೂರ್ಣ ವೇಗದಲ್ಲಿ, ಅಂದರೆ ಸಾಮಾನ್ಯವಾಗಿ ನಿಮಿಷಕ್ಕೆ 18,000 ಸುತ್ತಿಗೂ ಹೆಚ್ಚಿನ ವೇಗದಲ್ಲಿ, ಕಿರುಚಿಕೊಂಡು ತಿರುಗುತ್ತದೆ. ಜಾರ್ ಮಾತ್ರ ನಿಂತಿರುತ್ತದೆ, ಅಥವಾ ಕಟಕಟ ಎಂದು ಹಲ್ಲು ಜಾರುತ್ತಾ ನಿಧಾನವಾಗಿ ತಿರುಗುತ್ತದೆ. ರಬ್ಬರ್ ಉಜ್ಜಿದ ವಾಸನೆ ಬರುತ್ತದೆ, ಜಾರ್ ಎತ್ತಿದರೆ ಕಪ್ಲರಿನ ಸುತ್ತ ಕರಿಪುಡಿ ಉದುರಿರುತ್ತದೆ. ಹೀಗೆ ಕಿರುಚುವ ಮೋಟರಿಗೂ ತಗ್ಗಿನ ದನಿಯಲ್ಲಿ ಗುಂಯ್‌ಗುಡುವ ಮೋಟರಿಗೂ ಇರುವ ವ್ಯತ್ಯಾಸವನ್ನು ಕಿವಿಯಲ್ಲೇ ಗುರುತಿಸಬಹುದು. ಅಂಗಡಿಯಲ್ಲಿಯೂ ಬರೀ ‘ಜಾರ್ ತಿರುಗುವುದಿಲ್ಲ’ ಎನ್ನುವ ಬದಲು ಶಬ್ದ ಇವೆರಡರಲ್ಲಿ ಯಾವ ತರಹದ್ದು ಎಂದು ಹೇಳಿ.

ಈಗ ದೊಡ್ಡ ಜಾರನ್ನು ಕೈಗೆತ್ತಿಕೊಳ್ಳಿ. ಖಾಲಿ ಮಾಡಿ, ಬೋರಲು ಮಾಡಿ, ತಳದಲ್ಲಿರುವ ಜಾರ್ ಕಪ್ಲರನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ತಿರುಗಿಸಿ ನೋಡಿ. ಇನ್ನೊಂದು ಕೈಯನ್ನು ಜಾರಿನ ಒಳಗೆ ಹಾಕಬಾರದು, ಏಕೆಂದರೆ ಬ್ಲೇಡೂ ಜೊತೆಗೇ ತಿರುಗುತ್ತದೆ. ಒಳ್ಳೆಯ ಜಾರಿನ ಕಪ್ಲರ್ ಎರಡು ಬೆರಳಿಗೆ ಸಲೀಸಾಗಿ ತಿರುಗುತ್ತದೆ. ಒಳಗಿನ ಸೀಲ್‌ನ ಸಣ್ಣದೊಂದು ತಡೆ ಬಿಟ್ಟರೆ ಬೇರೆ ಹಿಡಿತ ಇರಬಾರದು. ತಿರುಗಿಸಲು ಮುಷ್ಟಿಯ ಬಲ ಬೇಕಾದರೆ, ಒಂದು ಜಾಗದಲ್ಲಿ ಕಚ್ಚಿ ಮತ್ತೊಂದು ಜಾಗದಲ್ಲಿ ಬಿಟ್ಟರೆ, ಅಥವಾ ಕರಕರ ಎಂದು ಕೈಗೆ ತಾಗಿದರೆ ಬುಶ್ ಹಿಡಿದಿದೆ ಎಂದು ತಿಳಿಯಿರಿ. ಅದೇ ಕಪ್ಲರನ್ನು ಆಚೀಚೆ ಅಲುಗಿಸಿ ನೋಡಿ. ಶಾಫ್ಟ್ ಓಲಾಡಿದರೆ ಬುಶ್ ಸವೆದು ತೂತು ಅಗಲವಾಗಿದೆ. ಚಟ್ನಿ ಜಾರನ್ನು ಪಕ್ಕದಲ್ಲಿಟ್ಟು ಅದನ್ನೂ ಹೀಗೆಯೇ ತಿರುಗಿಸಿದರೆ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ.

ಬುಶ್ ಎಂದರೆ ಜಾರಿನ ತಳದಲ್ಲಿ ಕೂರಿಸಿರುವ, ಕಂಚಿನ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ ಸಣ್ಣ ಕೊಳವೆ. ಅದರ ಸೂಕ್ಷ್ಮ ರಂಧ್ರಗಳಲ್ಲಿ ಎಣ್ಣೆ ಹೀರಿಸಿರುತ್ತಾರೆ. ಬ್ಲೇಡಿನ ಉಕ್ಕಿನ ಶಾಫ್ಟ್ ಅದರೊಳಗೆ ಆ ಎಣ್ಣೆಯ ತೆಳು ಪದರದ ಮೇಲೆ ತಿರುಗುತ್ತದೆ. ಮೇಲ್ಗಡೆ ಒಂದು ರಬ್ಬರ್ ಸೀಲ್ ಮತ್ತು ವಾಷರುಗಳಿದ್ದು, ಅರೆಯುವ ಪದಾರ್ಥ ಕೆಳಗಿಳಿಯದಂತೆ ತಡೆಯುತ್ತವೆ. ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟ ದಿನದಿಂದ ತೊಂದರೆ ಆರಂಭ. ನಮ್ಮ ಕರಾವಳಿಯ ಅಡುಗೆಮನೆಯಲ್ಲಿ ಈ ಬುಶ್‌ಗೆ ಬರುವ ಕಷ್ಟ ಹೆಚ್ಚು. ದಿನವೂ ತೆಂಗಿನಕಾಯಿ, ಉಪ್ಪು, ಹುಣಸೆಹುಳಿ, ಬ್ಯಾಡಗಿ ಮೆಣಸು ಸೇರಿದ ಒದ್ದೆ ಮಸಾಲೆ ಅರೆಯುತ್ತೇವೆ. ಉಪ್ಪು ಮತ್ತು ಹುಳಿಯ ನೀರು ಶಾಫ್ಟಿನ ಉಕ್ಕನ್ನು ತಿನ್ನುತ್ತದೆ. ತೆಂಗಿನ ಜಿಡ್ಡು ಬುಶ್‌ನೊಳಗೆ ಸೇರಿ ಕೆಲವು ದಿನಗಳಲ್ಲಿ ಅಂಟಾಗುತ್ತದೆ. ಮಳೆಗಾಲದ ತೇವದಲ್ಲಿ ಜಾರಿನ ತಳ ಒಣಗುವುದೇ ಇಲ್ಲ. ರಾತ್ರಿ ಜಾರಿಗೆ ನೀರು ಮತ್ತು ಸಾಬೂನು ಹಾಕಿ ಸಿಂಕಿನಲ್ಲಿ ಬೆಳಗಿನವರೆಗೆ ನೆನೆಯಲು ಬಿಡುವ ಅಭ್ಯಾಸ ಇನ್ನೂ ಕೆಟ್ಟದ್ದು, ಏಕೆಂದರೆ ಸಾಬೂನಿನ ನೀರು ಬುಶ್‌ನಲ್ಲಿದ್ದ ಎಣ್ಣೆಯನ್ನೂ ತೊಳೆದುಬಿಡುತ್ತದೆ. ಜಾರಿನ ಅಡಿಯಿಂದ ಮಿಕ್ಸಿಯ ಮೇಲೆ ಕಪ್ಪು ಅಥವಾ ಕಂದು ನೀರು ತೊಟ್ಟಿಕ್ಕುತ್ತಿದ್ದರೆ ಸೀಲ್ ಹೋಗಿದೆ ಎನ್ನಲು ಬೇರೆ ಸಾಕ್ಷಿ ಬೇಡ. ಆ ನೀರು ಕಪ್ಲರಿನ ನಡುವಿನಿಂದ ಮೋಟರಿನೊಳಗೂ ಇಳಿಯಬಹುದು ಎಂಬುದರಿಂದ ಅದನ್ನು ಸಣ್ಣ ವಿಷಯವೆಂದು ಬಿಡಬಾರದು.

ಹಿಡಿದ ಬುಶ್‌ ಒಂದರಿಂದ ಎಷ್ಟು ಭಾಗಗಳು ಹಾಳಾಗುತ್ತವೆ ಎಂಬುದಕ್ಕೆ ಉಡುಪಿಯ ಹತ್ತಿರದ ಒಂದು ಮನೆಯ ಮಿಕ್ಸಿಯ ಪ್ರಕರಣವನ್ನು ಹೇಳುತ್ತೇನೆ. ನಿಮ್ಮದಕ್ಕೂ ಅದಕ್ಕೂ ಹೋಲಿಕೆ ಬಹಳ ಇದೆ. ಅದೂ 750 ವಾಟಿನದು. ಮೊದಲು ಮೋಟರಿನ ಕಪ್ಲರ್ ಹೋಯಿತು, ಬದಲಿಸಿದರು. ಕೆಲವೇ ತಿಂಗಳಲ್ಲಿ ಹೊಸ ಕಪ್ಲರಿನ ಹಲ್ಲುಗಳೂ ದುಂಡಗಾದವು, ಮತ್ತೆ ಬದಲಿಸಿದರು. ಎರಡು ಸಲವೂ ಮನೆಯವರು ಮೋಟರಿನ ಭಾಗವನ್ನು ಮಾತ್ರ ಚೀಲದಲ್ಲಿ ಹಾಕಿಕೊಂಡು ಹೋಗಿದ್ದರು. ಜಾರ್ ಮನೆಯಲ್ಲೇ ಇತ್ತು. ಮೂರನೆಯ ಸಲ ಹಾಕಿದ್ದು ಗಟ್ಟಿ ಜಾತಿಯ ಕಪ್ಲರ್. ಅದು ಸವೆಯಲಿಲ್ಲ, ಬದಲಿಗೆ ಮೋಟರ್ ಗುಂಯ್‌ಗುಡತೊಡಗಿತು, ಅಡಿಯ ಕೆಂಪು ಗುಂಡಿಯ ಓವರ್‌ಲೋಡ್ ಸ್ವಿಚ್ ಬೀಳತೊಡಗಿತು. ಮೋಟರ್ ಸುಟ್ಟಿತು ಎಂದುಕೊಂಡು ಆಗ ಜಾರ್ ಸಮೇತ ತಂದರು. ಜಾರ್ ಇಲ್ಲದೆ ಮೋಟರ್ ನಿರಾಯಾಸವಾಗಿ ಓಡಿತು. ಜಾರ್ ಬೋರಲು ಮಾಡಿ ನೋಡಿದರೆ ಕಪ್ಲರ್ ಎರಡು ಬೆರಳಿಗೆ ಜಗ್ಗಲೇ ಇಲ್ಲ. ಬಿಚ್ಚಿದಾಗ ಶಾಫ್ಟಿನ ಸುತ್ತ ತುಕ್ಕು ಮತ್ತು ಒಣಗಿದ ಮಸಾಲೆ ಸೇರಿ ಕೆಮ್ಮಣ್ಣಿನ ಬಣ್ಣದ ಗಟ್ಟಿ ಪದರವಾಗಿತ್ತು, ಸೀಲ್ ತುಂಡಾಗಿತ್ತು, ಬುಶ್ ನಯವಾಗಿರಬೇಕಾದಲ್ಲಿ ಗೀರುಗಳಿದ್ದವು. ಬುಶ್, ಸೀಲ್, ಶಾಫ್ಟ್ ಸಮೇತ ಬ್ಲೇಡ್ ಬದಲಿಸಿದ ಮೇಲೆ ಅದೇ ಮೋಟರ್, ಅದೇ ಕಪ್ಲರ್ ಸರಿಯಾಗಿ ಕೆಲಸ ಮಾಡುತ್ತಿವೆ. ಅಂದರೆ ಆ ಮನೆಯಲ್ಲಿ ಹಾಳಾಗಿದ್ದದ್ದು ಮೊದಲಿನಿಂದಲೂ ಜಾರ್. ಹಲ್ಲು ಮೃದುವಾಗಿದ್ದಾಗ ಅದು ಕಪ್ಲರನ್ನು ತಿಂದಿತು, ಹಲ್ಲು ಗಟ್ಟಿಯಾದಾಗ ಮೋಟರನ್ನೇ ತಿನ್ನಲು ಹೊರಟಿತು.

ಇದರಿಂದ ಕಪ್ಲರ್ ಬಗ್ಗೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಮೋಟರಿನ ಕಪ್ಲರನ್ನು ರಬ್ಬರ್ ಅಥವಾ ನೈಲಾನಿನಂತಹ ಮೃದು ವಸ್ತುವಿನಿಂದ ಮಾಡುವುದು ಕಂಜೂಸಿತನದಿಂದಲ್ಲ. ಜಾರಿನಲ್ಲಿ ಏನಾದರೂ ಸಿಕ್ಕಿಹಾಕಿಕೊಂಡಾಗ ಅಗ್ಗದ ಆ ಭಾಗ ಮೊದಲು ಹೋಗಲಿ, ದುಬಾರಿಯ ಶಾಫ್ಟ್ ಮತ್ತು ತಂತಿ ಸುರುಳಿಗಳ ವೈಂಡಿಂಗ್ ಉಳಿಯಲಿ ಎಂಬ ಲೆಕ್ಕಾಚಾರ ಅದರಲ್ಲಿದೆ. ಆದ್ದರಿಂದ ಕಪ್ಲರ್ ಪದೇ ಪದೇ ಹೋಗುತ್ತಿದ್ದರೆ ಇನ್ನೂ ಗಟ್ಟಿಯಾದದ್ದನ್ನು ಹುಡುಕುವುದು ತಪ್ಪು ದಾರಿ. ಕಂಪನಿಯ ಅದೇ ಮಾದರಿಗೆ ಹೇಳಿದ ಕಪ್ಲರನ್ನೇ ಹಾಕಬೇಕು, ಹಲ್ಲುಗಳ ಸಂಖ್ಯೆ ಮತ್ತು ಎತ್ತರ ಜಾರಿನ ಕಪ್ಲರಿಗೆ ಸರಿಹೊಂದಬೇಕು. ಒಂದು ಕಡೆಯ ಹಲ್ಲು ಸವೆದಿದ್ದರೆ ಇನ್ನೊಂದು ಕಡೆಯದನ್ನೂ ನೋಡಬೇಕು. ದುಂಡಗಾದ ಜಾರ್ ಕಪ್ಲರಿನ ಮೇಲೆ ಹೊಸ ಮೋಟರ್ ಕಪ್ಲರ್ ಬಹಳ ಕಾಲ ಬಾಳುವುದಿಲ್ಲ.

ಹಲ್ಲು ಹಿಡಿಯುತ್ತಿದೆಯೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು, ಆದರೆ ಪ್ಲಗ್ ಕಿತ್ತು ದೂರ ಇಟ್ಟ ಮೇಲೆ ಮಾತ್ರ. ಸಲೀಸಾಗಿ ತಿರುಗುವ ಖಾಲಿ ಜಾರನ್ನು, ಅಂದರೆ ನಿಮ್ಮಲ್ಲಿ ಚಟ್ನಿ ಜಾರನ್ನು, ಮಿಕ್ಸಿಯ ಮೇಲೆ ಕೂರಿಸಿ, ಮರದ ಸೌಟಿನ ಹಿಡಿಯಿಂದ ಬ್ಲೇಡನ್ನು ನಿಧಾನವಾಗಿ ದೂಡಿ. ಬ್ಲೇಡಿನ ಜೊತೆ ಮೋಟರಿನ ಶಾಫ್ಟೂ ತಿರುಗುವುದು ಸೌಟಿನ ಮೂಲಕ ಕೈಗೆ ತಿಳಿಯುತ್ತದೆ. ಕಾರ್ಬನ್ ಉಜ್ಜುವ ಸಣ್ಣ ಸರಸರ ಶಬ್ದವೂ ಕೇಳುತ್ತದೆ. ಅದರ ಬದಲು ಟಕ್ ಟಕ್ ಎಂದು ಹಲ್ಲು ಹಾರಿದರೆ ಕಪ್ಲರ್ ಸವೆದಿದೆ. ಕಪ್ಲರ್ ಬಿಚ್ಚುವವರು ದಿಕ್ಕು ತಪ್ಪಿ ಬಲ ಹಾಕಿ ಶಾಫ್ಟಿನ ತಿರುಪಿನ ಮರೆ ಹಾಳುಮಾಡುವುದುಂಟು. ಅರೆಯುವಾಗ ಬರುವ ತಡೆ ಕಪ್ಲರನ್ನು ಬಿಗಿಮಾಡುವಂತೆ ಮರೆಯನ್ನು ಕಡೆದಿರುತ್ತಾರೆ. ಹೀಗಾಗಿ ಶಾಫ್ಟನ್ನು ಅಲುಗದಂತೆ ಹಿಡಿದು, ಮೋಟರ್ ಯಾವ ದಿಕ್ಕಿಗೆ ತಿರುಗುತ್ತದೋ ಅದೇ ದಿಕ್ಕಿಗೆ ಕಪ್ಲರನ್ನು ತಿರುಗಿಸಿದರೆ ಅದು ಸಡಿಲವಾಗುತ್ತದೆ. ಮೋಟರಿನ ದಿಕ್ಕು ಗೊತ್ತಿಲ್ಲದಿದ್ದರೆ ಬ್ಲೇಡಿನ ಹರಿತವಾದ ಅಂಚು ಯಾವ ಕಡೆಗೆ ಮುಖ ಮಾಡಿದೆ ಎಂದು ನೋಡಿದರೆ ಸಾಕು. ಶಾಫ್ಟ್ ಹಿಡಿಯಲೆಂದು ತಳದ ಪ್ಲಾಸ್ಟಿಕ್ ಫ್ಯಾನನ್ನು ಹಿಡಿಯಬಾರದು. ಅದರ ಎಲೆ ಮುರಿದರೆ ಮೋಟರಿಗೆ ಗಾಳಿ ಸಾಲದೆ ಹೊಸದೊಂದು ತೊಂದರೆ ಬರುತ್ತದೆ.

ಇನ್ನು ಕೆಂಪು ಗುಂಡಿ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳುವುದು ಅಗತ್ಯ, ಏಕೆಂದರೆ ನಿಮ್ಮ ಮಿಕ್ಸಿಗೆ ಈಗ ನಿಜವಾದ ಅಪಾಯ ಇರುವುದು ಇಲ್ಲಿ. ಮೋಟರ್ ತಿರುಗುತ್ತಿರುವಾಗ ಆರ್ಮೇಚರಿನಲ್ಲೇ ಒಂದು ಎದುರು ವೋಲ್ಟೇಜ್ ಹುಟ್ಟಿ, ಒಳಬರುವ ವಿದ್ಯುತ್ತನ್ನು ಹದದಲ್ಲಿಡುತ್ತದೆ. 750 ವಾಟಿನ ಮಿಕ್ಸಿ 230 ವೋಲ್ಟಿನಲ್ಲಿ ಪೂರ್ತಿ ಕೆಲಸ ಮಾಡುವಾಗ ಸುಮಾರು ಮೂರೂಕಾಲು ಆಂಪಿಯರ್ ಎಳೆಯುತ್ತದೆ. ಶಾಫ್ಟ್ ತಿರುಗದೆ ನಿಂತರೆ ಎದುರು ವೋಲ್ಟೇಜ್ ಹುಟ್ಟುವುದೇ ಇಲ್ಲ. ವಿದ್ಯುತ್ತು ಅದರ ಹಲವು ಪಟ್ಟು ಹರಿಯುತ್ತದೆ. ತಂತಿಯಲ್ಲಿ ಹುಟ್ಟುವ ಬಿಸಿ ವಿದ್ಯುತ್ತಿನ ವರ್ಗದ ಲೆಕ್ಕದಲ್ಲಿ ಏರುವುದರಿಂದ, ಮೂರು ಪಟ್ಟು ವಿದ್ಯುತ್ತು ಹರಿದರೆ ಬಿಸಿ ಒಂಬತ್ತು ಪಟ್ಟಾಗುತ್ತದೆ. ಮೋಟರನ್ನು ತಂಪು ಮಾಡುವ ಫ್ಯಾನ್ ಇರುವುದೂ ಅದೇ ಶಾಫ್ಟಿನ ಮೇಲೆಯೇ. ಶಾಫ್ಟ್ ನಿಂತರೆ ಗಾಳಿಯೂ ನಿಂತಿತು. ಈ ಕಾರಣಕ್ಕಾಗಿಯೇ ಹತ್ತು ಸೆಕೆಂಡು ಗುಂಯ್‌ಗುಡುತ್ತ ನಿಲ್ಲುವುದು ಐದು ನಿಮಿಷ ಅರೆಯುವುದಕ್ಕಿಂತ ಮೋಟರಿಗೆ ಹೆಚ್ಚು ಕೇಡು ಮಾಡುತ್ತದೆ. ನಿಮಗೆ ಬರುತ್ತಿರುವ ಸುಟ್ಟ ವಾಸನೆ ತಾಮ್ರದ ತಂತಿಗೆ ಹಚ್ಚಿದ ವಾರ್ನಿಷಿನದು. ವಾರ್ನಿಷ್ ಒಮ್ಮೆ ಕರಕಲಾದರೆ ಪಕ್ಕಪಕ್ಕದ ತಂತಿಗಳು ಒಂದಕ್ಕೊಂದು ತಾಗುತ್ತವೆ. ಮೋಟರ್ ಹೋಗುವುದು ಎಂದರೆ ಬಹುಮಟ್ಟಿಗೆ ಇದೇ.

ಓವರ್‌ಲೋಡ್ ಸ್ವಿಚ್ ಬೀಳುವುದು ಈ ಅನಾಹುತವನ್ನು ತಡೆಯುವುದಕ್ಕೆ. ಆದರೆ ಅದಕ್ಕೊಂದು ಮಿತಿ ಇದೆ. ಸ್ವಿಚ್ಚಿನೊಳಗಿನ ಲೋಹದ ಪಟ್ಟಿ ಒಂದೆರಡು ನಿಮಿಷದಲ್ಲಿ ತಣಿಯುತ್ತದೆ, ಗುಂಡಿ ಮತ್ತೆ ಕೂರುತ್ತದೆ. ಮೋಟರಿನ ನಡುವಿನ ತಾಮ್ರ ಮತ್ತು ಕಬ್ಬಿಣ ಅಷ್ಟು ಬೇಗ ತಣಿಯುವುದಿಲ್ಲ, ಅದಕ್ಕೆ ಅರ್ಧ ಗಂಟೆಯಾದರೂ ಬೇಕು. ಗುಂಡಿ ಕೂತಿತು ಎಂದು ಕೂಡಲೇ ಚಾಲೂ ಮಾಡಿದರೆ ಹಳೆಯ ಬಿಸಿಯ ಮೇಲೆ ಹೊಸ ಬಿಸಿ ಸೇರುತ್ತದೆ. ಮೂರು ನಾಲ್ಕು ಸಲ ಹೀಗೆ ಮಾಡಿದರೆ ಸ್ವಿಚ್ ಪ್ರತಿ ಸಲ ಸರಿಯಾಗಿಯೇ ಬಿದ್ದಿದ್ದರೂ ವೈಂಡಿಂಗ್ ಸುಡಬಹುದು. ಇನ್ನೊಂದು ಎಚ್ಚರಿಕೆ: ‘ಈ ಸ್ವಿಚ್ಚೇ ಕಿರಿಕಿರಿ, ಡೈರೆಕ್ಟ್ ಮಾಡಿಕೊಡುತ್ತೇನೆ’ ಎಂದು ಎರಡು ತಂತಿಗಳನ್ನು ಜೋಡಿಸಿಕೊಡುವವರಿದ್ದಾರೆ. ಖಂಡಿತ ಒಪ್ಪಬೇಡಿ. ಸ್ವಿಚ್ ಹಳತಾಗಿ ಸುಮ್ಮನೆ ಬೀಳುತ್ತಿದ್ದರೆ ಅದರ ಮೇಲೆ ಬರೆದಿರುವ ಆಂಪಿಯರಿನದೇ ಹೊಸ ಸ್ವಿಚ್ ಹಾಕಿಸಬೇಕು, ಹೆಚ್ಚಿನದನ್ನಲ್ಲ.

ಕಾರ್ಬನ್ನನ್ನು ಈಗ ಅನುಮಾನಿಸಬೇಕಿಲ್ಲ ಎಂದೆನೇ ಹೊರತು ನೋಡಬೇಕಿಲ್ಲ ಎನ್ನಲಿಲ್ಲ. ಮಿಕ್ಸಿಯ ತಳ ಹೇಗೂ ಬಿಚ್ಚುವಾಗ ಎರಡೂ ಕಾರ್ಬನ್‌ಗಳನ್ನು ಹೊರತೆಗೆಸಿ ನಿಮ್ಮ ಕಣ್ಣಿನಿಂದಲೇ ನೋಡಿ. ಹೊಸ ಕಾರ್ಬನ್ನಿನ ಪಕ್ಕದಲ್ಲಿಟ್ಟು ಉದ್ದ ಹೋಲಿಸಿದಾಗ ಮೂರನೆಯ ಒಂದು ಪಾಲಿಗಿಂತ ಕಡಿಮೆ ಉಳಿದಿದ್ದರೆ, ಅಂದರೆ ಸುಮಾರು 6–7 ಮಿಲಿಮೀಟರಿಗೆ ಬಂದಿದ್ದರೆ, ಬದಲಿಸುವುದು ಒಳ್ಳೆಯದು. ಅಷ್ಟು ಗಿಡ್ಡವಾದಾಗ ಹಿಂದಿನ ಸ್ಪ್ರಿಂಗಿನ ಒತ್ತಡ ಸಾಲದೆ ಕಾರ್ಬನ್ ಕಮ್ಯುಟೇಟರಿನ ಮೇಲೆ ಕುಣಿಯುತ್ತದೆ, ಪ್ರತಿ ಕುಣಿತಕ್ಕೂ ಕಿಡಿ ಹಾರುತ್ತದೆ. ಕತ್ತಲೆಯಲ್ಲಿ ಮಿಕ್ಸಿಯ ಗಾಳಿಕಿಂಡಿಯಿಂದ ನೋಡಿದರೆ ಕಾರ್ಬನ್ನಿನ ತುದಿಯಲ್ಲಿ ಸಣ್ಣ ನೀಲಿ ಕಿಡಿ ಕಾಣುವುದು ಸಹಜ. ಕಿಡಿ ಕಮ್ಯುಟೇಟರಿನ ಸುತ್ತ ಉಂಗುರದಂತೆ ಹಬ್ಬಿದರೆ ಸಹಜವಲ್ಲ. ಮಿಕ್ಸಿಯ ಬದಿಗೆ ತಟ್ಟಿದರೆ ಚಾಲೂ ಆಗುವುದು, ಓಡುತ್ತಾ ಓಡುತ್ತಾ ದನಿ ಏರಿಳಿಯುವುದು, ಒಂದು ದಿನ ಗುಂಯ್ ಎನ್ನದೆ ತೆಪ್ಪಗೆ ನಿಲ್ಲುವುದು, ಇವು ಕಾರ್ಬನ್ನಿನ ಲಕ್ಷಣಗಳು. ಬದಲಿಸುವಾಗ ಎರಡನ್ನೂ ಒಟ್ಟಿಗೆ ಬದಲಿಸಬೇಕು, ಅದೇ ಅಳತೆಯದ್ದನ್ನು ಹಾಕಬೇಕು. ದೊಡ್ಡದನ್ನು ಅರದಿಂದ ತಿಕ್ಕಿ ಸಣ್ಣದು ಮಾಡಿ ತುರುಕಿದರೆ ಅದು ಹೋಲ್ಡರಿನಲ್ಲಿ ಸಿಕ್ಕಿಕೊಂಡು ಮುಂದೆ ಜರುಗುವುದಿಲ್ಲ. ಕಮ್ಯುಟೇಟರ್ ಕಪ್ಪಾಗಿದ್ದರೆ ತೀರ ನುಣುಪಾದ ಸ್ಯಾಂಡ್‌ಪೇಪರಿನಿಂದ ಹಗುರವಾಗಿ ಒರೆಸಿ, ಪಟ್ಟಿಗಳ ನಡುವಿನ ಕಾರ್ಬನ್ ಪುಡಿಯನ್ನು ಬ್ರಶ್ಶಿನಿಂದ ತೆಗೆಯಬೇಕು. ಎಮರಿ ಪೇಪರ್ ಬಳಸಬಾರದು, ಅದರ ಪುಡಿ ಪಟ್ಟಿಗಳ ನಡುವೆ ವಿದ್ಯುತ್ತು ಹಾಯಲು ದಾರಿ ಮಾಡಿಕೊಡುತ್ತದೆ.

ಜಾರ್ ತೆಗೆದ ಮೇಲೂ ಮೋಟರ್ ಗುಂಯ್‌ಗುಟ್ಟಿದರೆ ಮಾತ್ರ ದೋಷ ಮೋಟರಿನೊಳಗಿದೆ ಎನ್ನಬಹುದು. ಇದನ್ನು ತಿಳಿಯಲು ಮೊದಲು ಪ್ಲಗ್ ಕಿತ್ತು, ಮೋಟರಿನ ಕಪ್ಲರನ್ನು ಬೆರಳಿನಿಂದ ತಿರುಗಿಸಿ. ಅದು ಸಲೀಸಾಗಿ ತಿರುಗಿದರೆ, ಕೈ ತೆಗೆದು, ಪ್ಲಗ್ ಹಾಕಿ, ಪಲ್ಸ್ ಕಡೆಗೆ ಒಂದೇ ಸೆಕೆಂಡು ತಿರುಗಿಸಿ ಬಿಡಿ. ಜಾರ್ ಕೂರಿಸದೆ ಚಾಲೂ ಆಗದಂತಹ ಲಾಕ್ ಇರುವ ಮಾದರಿಯಾದರೆ ಈ ಪರೀಕ್ಷೆಯನ್ನು ಚಟ್ನಿ ಜಾರನ್ನು ಖಾಲಿಯಿಟ್ಟು, ಮುಚ್ಚಳ ಹಾಕಿ ಮಾಡಿ. ಮೋಟರ್ ಭರ್ರೆಂದು ಎದ್ದರೆ ಅದು ಚೆನ್ನಾಗಿದೆ. ಕೈಗೆ ಸಲೀಸಾಗಿ ತಿರುಗಿದ್ದೂ ವಿದ್ಯುತ್ತಿಗೆ ಎದ್ದೇಳದೆ ಗುಂಯ್ ಎಂದರೆ, ಅಥವಾ ಶಾಫ್ಟನ್ನು ಕೈಯಿಂದ ಸ್ವಲ್ಪ ಸರಿಸಿಟ್ಟ ಮೇಲೆ ಮಾತ್ರ ಎದ್ದರೆ, ಆರ್ಮೇಚರಿನ ಕೆಲವು ಸುರುಳಿಗಳು ಹೋಗಿವೆ ಎಂದು ಅನುಮಾನಿಸಬೇಕು. ಬಿಚ್ಚಿ ನೋಡಿದರೆ ಕಮ್ಯುಟೇಟರಿನಲ್ಲಿ ಒಂದೆರಡು ತಾಮ್ರದ ಪಟ್ಟಿಗಳು ಮಾತ್ರ ಸುಟ್ಟು ಗುಳಿಬಿದ್ದಿರುವುದು ಕಾಣುತ್ತದೆ. ಕೈಗೇ ತಿರುಗದಿದ್ದರೆ ಮೋಟರಿನ ಬುಶ್ ತುಕ್ಕು ಹಿಡಿದಿರಬಹುದು. ಸಮುದ್ರದ ಬದಿಯ ಮನೆಗಳಲ್ಲಿ ಮಳೆಗಾಲವಿಡೀ ಬಳಸದೆ ಇಟ್ಟ ಮಿಕ್ಸಿಗೆ ಇದು ಆಗುತ್ತದೆ. ಇದು ಎಣ್ಣೆ ಮತ್ತು ಶುಚಿಯ ಕೆಲಸ, ಮೋಟರ್ ಎಸೆಯುವ ಕಾರಣವಲ್ಲ. ಆರ್ಮೇಚರ್ ಸುಟ್ಟಿದ್ದರೆ, ಆರು ವರ್ಷದ ಮಿಕ್ಸಿಗೆ ರಿವೈಂಡಿಂಗ್ ಮಾಡಿಸುವುದಕ್ಕಿಂತ ಕಂಪನಿಯ ಹೊಸ ಆರ್ಮೇಚರ್ ಸಿಗುತ್ತದೆಯೇ ಎಂದು ಕೇಳುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಕೈಯಲ್ಲಿ ಸುತ್ತಿದ ಆರ್ಮೇಚರಿನ ತೂಕ ಎಲ್ಲ ಬದಿಗೂ ಒಂದೇ ಸಮ ಇಲ್ಲದಿದ್ದರೆ ಇಷ್ಟು ವೇಗದಲ್ಲಿ ಅದು ಅದುರಿ ಬುಶ್‌ಗಳನ್ನು ಸವೆಸುತ್ತದೆ.

ಜಾರ್, ಕಪ್ಲರ್, ಮೋಟರ್ ಮೂರೂ ಸರಿಯಿದ್ದು, ಮಸಾಲೆ ಹಾಕಿದಾಗ ಮಾತ್ರ ಗುಂಯ್ ಎನ್ನುವುದಾದರೆ ಹಾಕುವ ಪ್ರಮಾಣವನ್ನು ಗಮನಿಸಬೇಕು. ಗಸಿಗೆಂದು ತೆಂಗಿನ ತುರಿಯನ್ನು ಜಾರಿನ ಕುತ್ತಿಗೆಯವರೆಗೆ ಒತ್ತಿ ತುಂಬಿ, ನೀರು ಬಹಳ ಕಡಿಮೆ ಹಾಕಿದರೆ ತಳದ ಮುದ್ದೆ ಬ್ಲೇಡನ್ನು ಹಿಡಿದುಕೊಳ್ಳುತ್ತದೆ. ಅರ್ಧ ಜಾರಿಗಿಂತ ಹೆಚ್ಚು ಹಾಕದೆ, ಮೆಣಸು ಕೊತ್ತಂಬರಿಯನ್ನು ಮೊದಲು ಪುಡಿ ಮಾಡಿಕೊಂಡು, ಆಮೇಲೆ ತುರಿ ಸೇರಿಸಿ, ಜಾರಿನ ನಡುವೆ ಸುಳಿ ಬೀಳುವಷ್ಟು ನೀರು ಹಾಕಬೇಕು. ಮುಚ್ಚಳದ ಮೂಲಕ ನೋಡಿದಾಗ ಸುಳಿ ಕಾಣದೆ ಮಸಾಲೆ ಗೋಡೆಗೆ ಅಂಟಿ ನಿಂತಿದ್ದರೆ ಕೂಡಲೇ ನಿಲ್ಲಿಸಿ, ಕೆದಕಿ, ನೀರು ಸೇರಿಸಿ. ಉದ್ದಿನ ಗಟ್ಟಿ ಹಿಟ್ಟಿಗೂ ಇದೇ ಮಾತು. ಹೆಚ್ಚು ಇದ್ದರೆ ಅದು ಗ್ರೈಂಡರಿನ ಕೆಲಸ. ಮಳೆಗಾಲದ ಸಂಜೆ ಹಳ್ಳಿಯ ಕಡೆ ವೋಲ್ಟೇಜ್ ಇಳಿದಿರುವಾಗ ಇನ್ನೂ ಕಡಿಮೆ ಹಾಕಿ. 230ರ ಬದಲು 180 ವೋಲ್ಟ್ ಬರುತ್ತಿದ್ದರೆ ನಿಂತ ಮೋಟರನ್ನು ಎಬ್ಬಿಸುವ ಬಲ ಸುಮಾರು ಶೇಕಡಾ 60ಕ್ಕೆ ಇಳಿಯುತ್ತದೆ. ಬೆಳಿಗ್ಗೆ ತಿರುಗಿದ ಅದೇ ಮಸಾಲೆ ಸಂಜೆ ತಿರುಗದಿರಲು ಇದೊಂದು ಕಾರಣ.

ನಿಮ್ಮ ಮಿಕ್ಸಿಗೆ ಈಗ ಮಾಡಬೇಕಾದದ್ದು ಇಷ್ಟು. ದೊಡ್ಡ ಜಾರಿನ ಬುಶ್ ಹಿಡಿದಿದೆ ಎಂದು ಕೈಗೆ ಖಚಿತವಾದರೆ ಆ ಜಾರನ್ನು ಮಿಕ್ಸಿಗೆ ಕೂರಿಸಲೇಬೇಡಿ. ಬ್ಲೇಡ್ ಮುಳುಗುವಷ್ಟು ಬಿಸಿನೀರು ಹಾಕಿ ಅರ್ಧ ಗಂಟೆ ಬಿಟ್ಟು, ನೀರು ಚೆಲ್ಲಿ, ತಳದ ಕಪ್ಲರನ್ನು ಎರಡೂ ದಿಕ್ಕಿಗೆ ಮೆಲ್ಲಗೆ ತಿರುಗಿಸುತ್ತಾ ಶಾಫ್ಟಿನ ಬುಡಕ್ಕೆ ಎರಡು ಹನಿ ತೆಂಗಿನೆಣ್ಣೆ ಬಿಟ್ಟರೆ ಅದು ಸಡಿಲವಾಗಬಹುದು. ಸೀಮೆಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಹಾಕಬಾರದು, ಅದು ನೇರ ಮಸಾಲೆಗೆ ಸೇರುತ್ತದೆ. ಇಕ್ಕಳದಲ್ಲಿ ಹಿಡಿದು ತಿರುಚಬಾರದು, ಕಪ್ಲರ್ ಶಾಫ್ಟಿನಿಂದಲೇ ಕಳಚಿಕೊಳ್ಳುತ್ತದೆ. ಹೀಗೆ ಸಡಿಲವಾದರೂ ಅದು ಕೆಲವು ದಿನಗಳ ಮಟ್ಟಿಗೆ. ಸೀಲ್ ಹೋಗಿರುವುದರಿಂದ ಮತ್ತೆ ಹಿಡಿಯುತ್ತದೆ. ಆದ್ದರಿಂದ ಮೋಟರ್ ಮತ್ತು ಎಲ್ಲ ಜಾರುಗಳನ್ನು ಒಟ್ಟಿಗೆ ಅಂಗಡಿಗೆ ಒಯ್ಯಿರಿ. ದೊಡ್ಡ ಜಾರಿನ ಬುಶ್ ಮತ್ತು ಸೀಲ್ ಬದಲಿಸಲು ಹೇಳಿ, ಶಾಫ್ಟಿನಲ್ಲಿ ತುಕ್ಕಿನ ಗುಳಿಗಳಿದ್ದರೆ ಬ್ಲೇಡ್ ಸೆಟ್ ಪೂರ್ತಿ ಬದಲಿಸಿಕೊಳ್ಳಿ. ಗುಳಿಬಿದ್ದ ಶಾಫ್ಟ್ ಹೊಸ ಬುಶ್ಶನ್ನು ಬೇಗ ಕೊರೆಯುತ್ತದೆ. ಕಪ್ಲರ್ ಹಲ್ಲು ದುಂಡಗಾಗಿದ್ದರೆ ಅದನ್ನು ಬುಶ್ ಆದ ಮೇಲೆ ಬದಲಿಸಲಿ. ತಳ ಬಿಚ್ಚಿದಾಗ ಕಾರ್ಬನ್ ಎಷ್ಟು ಉಳಿದಿದೆ, ವೈಂಡಿಂಗಿನ ಬಣ್ಣ ಕರಿಬಿದ್ದಿದೆಯೇ ಎಂದು ತೋರಿಸಲು ಕೇಳಿ.

ಮನೆಗೆ ತಂದ ಮೇಲೆ ಮೊದಲ ದಿನ ದೊಡ್ಡ ಜಾರಿಗೆ ಅರ್ಧದಷ್ಟು ನೀರು ಮಾತ್ರ ಹಾಕಿ ಒಂದು ನಿಮಿಷ ಓಡಿಸಿ. ದನಿ ಒಂದೇ ಸಮ ಇರಬೇಕು, ಜಾರ್ ಎತ್ತಿದರೆ ಕಪ್ಲರಿನ ಸುತ್ತ ಒಂದು ಹನಿಯೂ ನೀರು ಇರಬಾರದು. ಅದಾದ ಮೇಲೆ ಮಸಾಲೆ ಹಾಕಿ ನೋಡಿ. ಆಗಲೂ ಸುಟ್ಟ ವಾಸನೆ ಬಂದರೆ ಹಿಂದಿನ ಬಿಸಿಗೆ ವೈಂಡಿಂಗ್ ಪೆಟ್ಟು ತಿಂದಿದೆ ಎಂದರ್ಥ. ಹೊಸ ಮಿಕ್ಸಿಯ ವಿಚಾರವನ್ನು ಆಗ ಮಾಡಬಹುದು. ವಾಸನೆ ಇಲ್ಲದೆ ತಿರುಗಿದರೆ, ಪ್ರತಿದಿನ ಅರೆದು ಮುಗಿದ ಕೂಡಲೇ ಜಾರಿಗೆ ಶುದ್ಧ ನೀರು ಹಾಕಿ ಒಮ್ಮೆ ತಿರುಗಿಸಿ ಚೆಲ್ಲಿ, ತಳವನ್ನು ಬಟ್ಟೆಯಿಂದ ಒರೆಸಿ, ಕಪ್ಲರ್ ಮೇಲೆ ಬರುವಂತೆ ಬೋರಲು ಹಾಕಿ ಇಡಿ. ವಾರಕ್ಕೊಮ್ಮೆ ತೊಳೆಯುವಾಗ ಎರಡು ಬೆರಳಿನಿಂದ ತಿರುಗಿಸಿ ನೋಡುತ್ತಿದ್ದರೆ, ಬುಶ್ ಮತ್ತೆ ಹಿಡಿಯತೊಡಗಿದ್ದು ಕಪ್ಲರ್ ಸವೆಯುವುದಕ್ಕೆ ಮುಂಚೆಯೇ ನಿಮಗೆ ತಿಳಿಯುತ್ತದೆ.